ವರ್ಷದ ಪ್ಲಾನ್ ತೆಗೆದುಕೊಂಡ ಮೇಲೂ ತಿಂಗಳ ದುಡ್ಡು ಕಟ್ ಆಗುವುದೇಕೆ?

ಪ್ರಶ್ನೆ: ಸಾರ್, ನಾನು ರಾಜಾಜಿನಗರದವಳು. ದಿನಾ ಮೆಟ್ರೋದಲ್ಲಿ ಜಯನಗರಕ್ಕೆ ಕೆಲಸಕ್ಕೆ ಹೋಗುವಾಗ ಹಾಡು ಕೇಳೋಕೆ ಅಂತ ಒಂದು ಮ್ಯೂಸಿಕ್ ಆ್ಯಪ್‌ಗೆ ತಿಂಗಳಿಗೆ ₹129 ಕಟ್ಟುತ್ತಿದ್ದೆ. ಪ್ರತಿ 8ನೇ ತಾರೀಖು ಯುಪಿಐನಿಂದ ತಾನಾಗಿಯೇ ಹೋಗುತ್ತಿತ್ತು. ವರ್ಷಕ್ಕೆ ₹1,199 ಅಂತ ನೋಡಿ, ಈ ತಿಂಗಳ 5ಕ್ಕೆ ಲ್ಯಾಪ್‌ಟಾಪಿನಲ್ಲಿ ಅವರ ವೆಬ್‌ಸೈಟಿಗೆ ಹೋಗಿ ವರ್ಷದ ಪ್ಲಾನ್‌ಗೆ ಬದಲಾಯಿಸಿದೆ. ಆದರೂ 8ಕ್ಕೆ ಮತ್ತೆ ₹129 ಕಟ್ ಆಯಿತು. ಕಸ್ಟಮರ್ ಕೇರ್‌ನವರು ‘ನಮ್ಮಲ್ಲಿ ಒಂದೇ ಪೇಮೆಂಟ್ ಕಾಣುತ್ತಿದೆ, ಬ್ಯಾಂಕಿನವರನ್ನು ಕೇಳಿ’ ಅಂದರು. ಬ್ಯಾಂಕಿನವರು ‘ನೀವೇ ಒಪ್ಪಿಗೆ ಕೊಟ್ಟಿದ್ದೀರಿ’ ಅಂದರು. ಒಂದು ವಾರದಲ್ಲಿ ತಾನಾಗಿಯೇ ವಾಪಸ್ ಬರುತ್ತೆ ಅಂತ ನನ್ನ ತಮ್ಮ ಹೇಳುತ್ತಾನೆ. ಇದು ಮೋಸವಾ? ಮುಂದಿನ ತಿಂಗಳೂ ಹೋಗುತ್ತಾ? ಸ್ಟೇಟ್‌ಮೆಂಟಿನ ಫೋಟೋ ಕಳಿಸಿದ್ದೇನೆ. ಹೊಸ ಪ್ಲಾನ್ ಬಂದ ಮೇಲೆ ನನ್ನ ಹಳೇ ಪ್ಲೇಲಿಸ್ಟ್‌ಗಳೂ ಕಾಣಿಸುತ್ತಿಲ್ಲ, ಅದು ಬೇರೆ ವಿಷಯ ಬಿಡಿ.

ಉತ್ತರ: ಮೇಡಂ, ಪ್ಲೇಲಿಸ್ಟ್ ಕಾಣಿಸುತ್ತಿಲ್ಲ ಅಂತ ಕೊನೆಗೆ ಒಂದು ಸಾಲು ಬರೆದಿದ್ದೀರಲ್ಲ, ಉತ್ತರ ಅಲ್ಲೇ ಇದೆ. ಪ್ಲಾನ್ ಬದಲಾದರೆ ಪ್ಲೇಲಿಸ್ಟ್ ಎಲ್ಲಿಗೂ ಹೋಗುವುದಿಲ್ಲ. ಅಕೌಂಟ್ ಬದಲಾದರೆ ಮಾತ್ರ ಹೋಗುತ್ತದೆ. ಅಂದರೆ 5ನೇ ತಾರೀಖು ನೀವು ಹಳೇ ಪ್ಲಾನನ್ನು ಬದಲಾಯಿಸಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಅಕೌಂಟ್ ತೆರೆದು, ಅದಕ್ಕೆ ವರ್ಷದ ಪ್ಲಾನ್ ಕೊಂಡಿದ್ದೀರಿ. ಹಳೆಯದು ತನ್ನ ಪಾಡಿಗೆ ಹಾಗೇ ಇದೆ. ಅದರ ತಾರೀಖು 8 ಬಂತು, ದುಡ್ಡು ಹೋಯಿತು. ನಿಲ್ಲಿಸದಿದ್ದರೆ ಮುಂದಿನ ತಿಂಗಳೂ ಹೋಗುತ್ತದೆ.

ನಿಮ್ಮ ಫೋಟೋದಲ್ಲೂ ಇದು ಕಾಣುತ್ತಿದೆ. 5ನೇ ತಾರೀಖಿನ ₹1,199ರ ಎದುರು ಆ ಮ್ಯೂಸಿಕ್ ಕಂಪನಿಯ ಹೆಸರಿದೆ. 8ರ ₹129ರ ಎದುರು ಗೂಗಲ್ ಪ್ಲೇ ಹೆಸರಿದೆ. ದುಡ್ಡು ಪಡೆದವರೇ ಬೇರೆ ಬೇರೆ. ತಿಂಗಳ ಪ್ಲಾನನ್ನು ನೀವು ಫೋನಿನಲ್ಲಿ, ಆ್ಯಪ್ ಒಳಗೇ ತೆಗೆದುಕೊಂಡಿದ್ದೀರಿ. ಹಾಗೆ ತೆಗೆದುಕೊಂಡಾಗ ದುಡ್ಡು ವಸೂಲಿ ಮಾಡುವುದು ಗೂಗಲ್. ವರ್ಷದ್ದನ್ನು ವೆಬ್‌ಸೈಟಿನಲ್ಲಿ ಕೊಂಡಿರಿ. ಅಲ್ಲಿ ಕಂಪನಿಯೇ ನೇರವಾಗಿ ವಸೂಲಿ ಮಾಡುತ್ತದೆ.

ಇನ್ನು ಎರಡು ಅಕೌಂಟ್ ಹೇಗಾಯಿತು ಅನ್ನುವುದು. ಇಂಥ ಆ್ಯಪ್‌ಗಳನ್ನು ಫೋನಿನಲ್ಲಿ ಹಾಕಿಕೊಂಡಾಗ ಹೆಚ್ಚಿನವರು ಮೊಬೈಲ್ ನಂಬರ್ ಕೊಟ್ಟು, ಒಟಿಪಿ ಹಾಕಿ ಒಳಗೆ ಹೋಗುತ್ತಾರೆ. ಲ್ಯಾಪ್‌ಟಾಪಿನಲ್ಲಿ ಜಿಮೇಲ್ ಮೊದಲೇ ತೆರೆದಿರುತ್ತದೆ. ಹಾಗಾಗಿ ಜಿಮೇಲ್‌ನಿಂದ ಲಾಗಿನ್ ಆಗುವ ಬಟನ್ ಒತ್ತುತ್ತಾರೆ. ನಮಗೆ ಎರಡೂ ಕಡೆ ಇರುವುದು ಒಬ್ಬಳೇ ಮನುಷ್ಯಳು. ಕಂಪನಿಯ ಕಂಪ್ಯೂಟರಿಗೆ ಆ ನಂಬರ್ ಒಬ್ಬರು, ಈ ಜಿಮೇಲ್ ಇನ್ನೊಬ್ಬರು. ಎರಡನ್ನೂ ಯಾರಾದರೂ ಜೋಡಿಸಿಟ್ಟಿದ್ದರೆ ಮಾತ್ರ ಒಬ್ಬರೇ ಅಂತ ಗೊತ್ತಾಗುವುದು. ಆಮೇಲೆ ನೀವು ಫೋನಿನಲ್ಲೂ ಜಿಮೇಲ್‌ನಿಂದಲೇ ಲಾಗಿನ್ ಆಗಿರಬೇಕು. ಅದಕ್ಕೇ ಆ್ಯಪ್ ವರ್ಷದ ಪ್ಲಾನ್ ತೋರಿಸುತ್ತಿದೆ, ಹಳೇ ಪ್ಲೇಲಿಸ್ಟ್ ತೋರಿಸುತ್ತಿಲ್ಲ.

ಕಸ್ಟಮರ್ ಕೇರ್‌ನವರು ಸುಳ್ಳು ಹೇಳಿಲ್ಲ. ನೀವು ಇಮೇಲ್ ಐಡಿ ಕೊಟ್ಟಿರುತ್ತೀರಿ, ಅವರು ಅದನ್ನೇ ಹುಡುಕಿದ್ದಾರೆ. ಅದರಲ್ಲಿ ಇರುವುದು ಒಂದೇ ಪೇಮೆಂಟ್. ಚಂದಾ ಬಿಲ್ಲಿಂಗ್ ವಿಭಾಗದಲ್ಲಿ ಕೆಲಸ ಮಾಡುವಾಗ ಇಂಥ ದೂರುಗಳನ್ನು ನಾನು ತುಂಬ ನೋಡಿದ್ದೇನೆ. ‘ನಿಮಗೆ ಇನ್ನೊಂದು ನಂಬರಿನಲ್ಲಿ ಅಕೌಂಟ್ ಇದೆಯಾ?’ ಅಂತ ಒಂದು ಪ್ರಶ್ನೆ ಕೇಳಿದ್ದರೆ ಅಲ್ಲೇ ಮುಗಿಯುತ್ತಿತ್ತು. ಅದನ್ನು ಕೇಳದೆ ಬ್ಯಾಂಕಿಗೆ ಕಳಿಸಿದ್ದು ಮಾತ್ರ ತಪ್ಪು.

ಬ್ಯಾಂಕಿನವರು ಹೇಳಿದ್ದೂ ನಿಜವೇ. ಆದರೆ ಅದಕ್ಕೆ ಸ್ವಲ್ಪ ವಿವರಣೆ ಬೇಕು.

ಯುಪಿಐನಲ್ಲಿ ತಾನಾಗಿಯೇ ದುಡ್ಡು ಹೋಗುವ ಏರ್ಪಾಡಿಗೆ ಆಟೋಪೇ ಅನ್ನುತ್ತಾರೆ. ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಇದನ್ನು 2020ರಲ್ಲಿ ತಂದಿತು. ಇದರಲ್ಲಿ ನೀವು ಮೊದಲ ಸಲ ಪಿನ್ ಹಾಕಿ ಒಂದು ಒಪ್ಪಿಗೆ ಕೊಡುತ್ತೀರಿ, ಅದನ್ನು ಮ್ಯಾಂಡೇಟ್ ಅಂತ ಕರೆಯುತ್ತಾರೆ. ಯಾರಿಗೆ, ಹೆಚ್ಚೆಂದರೆ ಎಷ್ಟು, ಎಷ್ಟು ದಿನಕ್ಕೊಮ್ಮೆ, ಯಾವತ್ತಿನವರೆಗೆ ಅನ್ನುವುದೆಲ್ಲ ಅದರಲ್ಲಿ ಬರೆದಿರುತ್ತದೆ. ಆಮೇಲೆ ₹15,000ದ ಒಳಗಿನ ಇಂಥ ಚಂದಾಗಳಿಗೆ ಪ್ರತಿ ಸಲ ಪಿನ್ ಕೇಳುವುದಿಲ್ಲ. ನಿಮ್ಮ ಹಳೇ ಮ್ಯಾಂಡೇಟ್‌ನಲ್ಲಿರುವುದು ತಿಂಗಳಿಗೊಮ್ಮೆ, ಗೂಗಲ್‌ಗೆ ಅಂತ. ಅದನ್ನು ಹಿಡಿದುಕೊಂಡು ಇನ್ನೊಂದು ಕಂಪನಿ ವರ್ಷಕ್ಕೊಮ್ಮೆ ₹1,199 ತೆಗೆಯಲು ಆಗುವುದಿಲ್ಲ. ಹಾಗಾಗಿ 5ನೇ ತಾರೀಖು ನಿಮ್ಮ ಹತ್ತಿರ ಹೊಸದಾಗಿ ಪಿನ್ ಹಾಕಿಸಿಕೊಂಡು ಎರಡನೇ ಮ್ಯಾಂಡೇಟ್ ಮಾಡಿದರು. ಹೊಸದು ಹುಟ್ಟಿದ ತಕ್ಷಣ ಹಳೆಯದು ಸಾಯಬೇಕು ಅಂತ ಎಲ್ಲೂ ಇಲ್ಲ. ಹಳೆಯದನ್ನು ನೀವು ರದ್ದು ಮಾಡಬೇಕು, ಇಲ್ಲ ದುಡ್ಡು ಪಡೆಯುವವರು ರದ್ದು ಮಾಡಬೇಕು. ನಿಮ್ಮ ವಿಷಯದಲ್ಲಿ ಇಬ್ಬರೂ ಮಾಡಿಲ್ಲ. ಗೂಗಲ್‌ಗೆ ಮಾಡಲು ಕಾರಣವೂ ಇರಲಿಲ್ಲ. ಅವರ ಲೆಕ್ಕದಲ್ಲಿ ನೀವು ಏನನ್ನೂ ಬದಲಾಯಿಸಿಲ್ಲ ಅಲ್ವಾ?

7ನೇ ತಾರೀಖು ನಿಮ್ಮ ಫೋನಿಗೆ ಒಂದು ಮೆಸೇಜ್ ಬಂದಿರಬೇಕು, ಒಮ್ಮೆ ಹುಡುಕಿ ನೋಡಿ. ಆಟೋಪೇನಲ್ಲಿ ದುಡ್ಡು ತೆಗೆಯುವ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ತಿಳಿಸಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ಯಾರಿಗೆ, ಎಷ್ಟು, ಯಾವತ್ತು ಅನ್ನುವುದು ಅದರಲ್ಲಿರುತ್ತದೆ. ಎರಡು ದಿನದ ಹಿಂದೆಯಷ್ಟೇ ವರ್ಷದ ದುಡ್ಡು ಕಟ್ಟಿದ್ದರಿಂದ, ಇದೂ ಅದರದ್ದೇ ರಸೀದಿ ಇರಬೇಕು ಅಂತ ಜನ ಓದದೆ ಬಿಡುತ್ತಾರೆ. ಆ ಒಂದು ದಿನದಲ್ಲಿ ರದ್ದು ಮಾಡಿದ್ದರೆ ₹129 ಉಳಿಯುತ್ತಿತ್ತು.

ಈಗ ನಿಮ್ಮ ತಮ್ಮನ ಮಾತಿಗೆ ಬರುತ್ತೇನೆ. ಒಂದು ವಾರದಲ್ಲಿ ವಾಪಸ್ ಬರುತ್ತೆ ಅನ್ನುವ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. ಯುಪಿಐನಲ್ಲಿ ಅಂಗಡಿಯವರಿಗೆ ಕಳಿಸಿದ ದುಡ್ಡು ನಮ್ಮ ಖಾತೆಯಿಂದ ಹೋಗಿ, ಅವರಿಗೆ ಮುಟ್ಟಿದ ಖಾತರಿ ಬರದಿದ್ದರೆ, 5 ದಿನದೊಳಗೆ ತಾನಾಗಿಯೇ ವಾಪಸ್ ಬರಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ ಕೊಡಬೇಕು. 2019ರಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ ನಿಯಮ ಅದು. ಆದರೆ ಅದು ಅರ್ಧಕ್ಕೆ ನಿಂತ ಪೇಮೆಂಟ್‌ಗೆ ಮಾತ್ರ. ನಿಮ್ಮದು ಅರ್ಧಕ್ಕೆ ನಿಂತಿಲ್ಲ. ₹129 ಗೂಗಲ್‌ಗೆ ಮುಟ್ಟಿದೆ, ಅದಕ್ಕೆ ತಕ್ಕಂತೆ ಹಳೇ ಅಕೌಂಟಿನಲ್ಲಿ ಇನ್ನೊಂದು ತಿಂಗಳು ಜಮಾ ಆಗಿದೆ. ವಾಪಸ್ ಬರಲು ಅಲ್ಲಿ ಏನೂ ತಪ್ಪಿಲ್ಲ. ಕಾಯುತ್ತ ಕೂತರೆ ನಷ್ಟವೇ ಜಾಸ್ತಿ, ಯಾಕೆಂದರೆ ರೀಫಂಡ್ ಕೇಳಲು ಇರುವ ಸಮಯ ಕಡಿಮೆ. ಅದನ್ನು ಮುಂದೆ ಹೇಳುತ್ತೇನೆ.

ಒಂದೇ ಒಂದು ವಿಷಯದಲ್ಲಿ ಕಾದರೆ ದುಡ್ಡು ಬರುತ್ತದೆ. ಹೊಸ ಮ್ಯಾಂಡೇಟ್ ಮಾಡುವಾಗ ಖಾತೆ ಸರಿಯಾಗಿದೆಯಾ ಅಂತ ಪರೀಕ್ಷಿಸಲು ₹1 ಅಥವಾ ₹2 ತೆಗೆದು ವಾಪಸ್ ಹಾಕುವುದುಂಟು. ಸ್ಟೇಟ್‌ಮೆಂಟಿನಲ್ಲಿ ಕಂಡ ಎರಡನೇ ಮೊತ್ತ ಅಷ್ಟು ಚಿಕ್ಕದಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಅದು ಹಳೇ ತಿಂಗಳ ಚಂದಾದಷ್ಟೇ ಇದ್ದರೆ, ಹಳೇ ಚಂದಾ ಇನ್ನೂ ಜೀವಂತ ಇದೆ ಅಂತಲೇ ಅರ್ಥ.

ಈಗ ಮಾಡಬೇಕಾದ ಕೆಲಸ. ಮೊದಲು ನಿಲ್ಲಿಸಬೇಕಾದದ್ದು ಚಂದಾವನ್ನು, ಮ್ಯಾಂಡೇಟನ್ನಲ್ಲ. ಈ ಕ್ರಮ ಮುಖ್ಯ.

ಫೋನಿನಲ್ಲಿ ಪ್ಲೇ ಸ್ಟೋರ್ ತೆರೆಯಿರಿ. ಮೇಲೆ ಬಲಗಡೆ ನಿಮ್ಮ ಫೋಟೋ ಅಥವಾ ಹೆಸರಿನ ಮೊದಲ ಅಕ್ಷರ ಇರುತ್ತದೆ, ಅದನ್ನು ಒತ್ತಿ. ‘Payments & subscriptions’, ಅದರೊಳಗೆ ‘Subscriptions’. ಆ ಮ್ಯೂಸಿಕ್ ಆ್ಯಪ್ ಹೆಸರು ಅಲ್ಲಿ ಕಾಣಬೇಕು, ಅದರ ಮುಂದೆ ಮುಂದಿನ ತಿಂಗಳ ತಾರೀಖೂ ಇರುತ್ತದೆ. ಅದನ್ನು ತೆರೆದು ‘Cancel subscription’ ಒತ್ತಿ. ಯಾಕೆ ಬಿಡುತ್ತಿದ್ದೀರಿ ಅಂತ ಕೇಳುತ್ತದೆ, ಏನಾದರೂ ಒಂದು ಆರಿಸಿ ಮುಂದೆ ಹೋಗಿ. ಕೊನೆಯವರೆಗೂ ಹೋಗುವುದು ಮುಖ್ಯ, ನಡುವೆ ನಿಲ್ಲಿಸಿದರೆ ರದ್ದಾಗುವುದಿಲ್ಲ.

ಅಲ್ಲಿ ಏನೂ ಕಾಣದಿದ್ದರೆ ಗಾಬರಿ ಬೇಡ. ಫೋನಿನಲ್ಲಿ ಎರಡು ಮೂರು ಜಿಮೇಲ್ ಇರುವವರಿಗೆ ಹೀಗಾಗುತ್ತದೆ. ಚಂದಾ ಯಾವ ಜಿಮೇಲ್‌ನಿಂದ ಕೊಂಡಿದ್ದೀರೋ ಅದರ ಪಟ್ಟಿಯಲ್ಲಿ ಮಾತ್ರ ಕಾಣುತ್ತದೆ. ಯಾವುದು ಅಂತ ಗೊತ್ತಾಗಲು ಪ್ರತಿ ಜಿಮೇಲ್‌ನಲ್ಲೂ GPA ಅಂತ ಹುಡುಕಿ. ಗೂಗಲ್ ಪ್ಲೇ ಕಳಿಸುವ ರಸೀದಿಗಳಲ್ಲಿ ಆರ್ಡರ್ ನಂಬರ್ ಆ ಮೂರು ಅಕ್ಷರಗಳಿಂದಲೇ ಶುರುವಾಗುತ್ತದೆ. ಎಲ್ಲಿ ಸಿಕ್ಕಿತೋ ಆ ಜಿಮೇಲ್‌ಗೆ ಪ್ಲೇ ಸ್ಟೋರ್‌ನಲ್ಲಿ ಬದಲಾಯಿಸಿಕೊಂಡು ರದ್ದು ಮಾಡಿ. ಆ ನಂಬರನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಆ್ಯಪ್ ಅನ್ನು ಫೋನಿನಿಂದ ಅಳಿಸಿದರೆ ಚಂದಾ ನಿಲ್ಲುತ್ತದೆ ಅಂತ ಕೆಲವರು ತಿಳಿದಿದ್ದಾರೆ. ನಿಲ್ಲುವುದಿಲ್ಲ.

ಬರೀ ಯುಪಿಐ ಆ್ಯಪ್‌ಗೆ ಹೋಗಿ ಮ್ಯಾಂಡೇಟ್ ರದ್ದು ಮಾಡಿದರೆ ಸಾಲದೇ ಅಂತ ನಿಮಗೆ ಅನ್ನಿಸಬಹುದು. ಅದಕ್ಕೆ ನಿಮಗೆ ಪೂರ್ತಿ ಹಕ್ಕಿದೆ, ಆ ದಾರಿಯಿಂದ ದುಡ್ಡು ಹೋಗುವುದೂ ನಿಲ್ಲುತ್ತದೆ. ಆದರೆ ಗೂಗಲ್‌ನ ಲೆಕ್ಕದಲ್ಲಿ ಚಂದಾ ಮುಂದುವರಿಯುತ್ತಿರುತ್ತದೆ, ದುಡ್ಡು ಬರಲಿಲ್ಲ ಅಂತಷ್ಟೇ ಅದಕ್ಕೆ ಗೊತ್ತಾಗುವುದು. ನೀವು ಯಾವತ್ತಾದರೂ ಇನ್ನೊಂದು ಪೇಮೆಂಟ್ ದಾರಿಯನ್ನು ಬ್ಯಾಕಪ್ ಅಂತ ಕೊಟ್ಟಿದ್ದರೆ ಅದರಿಂದ ತೆಗೆಯಲು ಪ್ರಯತ್ನಿಸಬಹುದು. ಇನ್ನೊಂದು ಅಪಾಯ ಇದಕ್ಕಿಂತ ಸಾಮಾನ್ಯ. ಗೂಗಲ್ ಪ್ಲೇ ಹೆಸರಿನಲ್ಲಿ ನಿಮಗೆ ಬೇರೆ ಮ್ಯಾಂಡೇಟ್‌ಗಳೂ ಇರಬಹುದು, ಫೋಟೋ ಇಡುವ ಜಾಗಕ್ಕೋ, ಮಕ್ಕಳ ಓದಿನ ಆ್ಯಪ್‌ಗೋ ಕಟ್ಟುವುದು. ಹೆಸರು ಮಾತ್ರ ನೋಡಿ ತಪ್ಪಾದದ್ದನ್ನು ರದ್ದು ಮಾಡಿದವರಿದ್ದಾರೆ. ಮೊತ್ತ ₹129, ತಾರೀಖು 8, ತಿಂಗಳಿಗೊಮ್ಮೆ, ಈ ಮೂರೂ ಹೊಂದಿದರೆ ಮಾತ್ರ ಕೈ ಹಾಕಿ. ಚಂದಾ ರದ್ದಾದ ಮೇಲೆ ಆಟೋಪೇ ಪಟ್ಟಿಯನ್ನು ಒಮ್ಮೆ ನೋಡಿ, ಆ ಮ್ಯಾಂಡೇಟ್ ಇನ್ನೂ ಇದ್ದರೆ ಆಗ ತೆಗೆಯಿರಿ. ಯಾವ ಯುಪಿಐ ಆ್ಯಪ್‌ನಲ್ಲಿ ಪಿನ್ ಹಾಕಿದ್ದಿರೋ ಆ ಆ್ಯಪ್‌ನಲ್ಲೇ ಹುಡುಕಿ.

ಇನ್ನು ಹೋದ ದುಡ್ಡಿನ ವಿಷಯ. ಗೂಗಲ್ ಪ್ಲೇನಲ್ಲಿ ಕಟ್ಟಿದ್ದಕ್ಕೆ 48 ಗಂಟೆಯೊಳಗೆ ಗೂಗಲ್ ಹತ್ತಿರವೇ ರೀಫಂಡ್ ಕೇಳಬಹುದು. ಅದು ದಾಟಿದ ಮೇಲೆ ಆ್ಯಪ್ ಮಾಡಿದ ಕಂಪನಿಯನ್ನೇ ಕೇಳಿ ಅನ್ನುತ್ತಾರೆ. ನೀವು ಇದನ್ನು ಓದುವ ಹೊತ್ತಿಗೆ ಆ ಸಮಯ ದಾಟಿರುತ್ತದೆ. ಹಾಗಾಗಿ ಕಂಪನಿಗೇ ಬರೆಯಿರಿ. ಈ ಸಲ ಎರಡೂ ಲಾಗಿನ್ ಹೇಳಿ ಬರೆಯಿರಿ, ಹೀಗೆ:

‘ನನ್ನ ಮೊಬೈಲ್ ನಂಬರಿನಲ್ಲಿ ಒಂದು ಅಕೌಂಟ್ ಇದೆ, ಇಮೇಲ್‌ನಲ್ಲಿ ಇನ್ನೊಂದಿದೆ, ಎರಡೂ ನನ್ನವೇ. ಇಮೇಲ್ ಅಕೌಂಟಿನಲ್ಲಿ 5ಕ್ಕೆ ₹1,199 ಕಟ್ಟಿ ವರ್ಷದ ಪ್ಲಾನ್ ಕೊಂಡಿದ್ದೇನೆ. ಮೊಬೈಲ್ ಅಕೌಂಟಿನ ತಿಂಗಳ ಪ್ಲಾನ್ 8ಕ್ಕೆ ಗೂಗಲ್ ಪ್ಲೇ ಮೂಲಕ ₹129ಕ್ಕೆ ನವೀಕರಣ ಆಗಿದೆ, ಆರ್ಡರ್ ನಂಬರ್ ಇದು. 5ರ ನಂತರ ಆ ಅಕೌಂಟಿನಲ್ಲಿ ಹಾಡು ಕೇಳಿಲ್ಲ. ₹129 ವಾಪಸ್ ಕೊಡಿ, ಇಲ್ಲವೇ ವರ್ಷದ ಪ್ಲಾನ್‌ಗೆ ಒಂದು ತಿಂಗಳು ಸೇರಿಸಿ.’

ಕೊನೇ ಸಾಲನ್ನು ಬೇಕೆಂದೇ ಹಾಕಿದ್ದೇನೆ. ದುಡ್ಡು ವಾಪಸ್ ಕೊಡಲು ಮೇಲಿನವರ ಅನುಮತಿ ಬೇಕಾಗುತ್ತದೆ. ಒಂದು ತಿಂಗಳು ಸೇರಿಸುವುದನ್ನು ಬಹಳ ಕಡೆ ಕಸ್ಟಮರ್ ಕೇರ್‌ನವರೇ ಮಾಡಬಹುದು. ಹಳೇ ಅಕೌಂಟಿನಲ್ಲಿ ಏನೂ ಕೇಳಿಲ್ಲ ಅನ್ನುವ ಮಾತಿಗೂ ಬೆಲೆ ಇದೆ, ಅದನ್ನು ಅವರು ತಮ್ಮ ದಾಖಲೆಯಲ್ಲೇ ನೋಡಬಹುದು. ಹಾಗಾಗಿ ಉತ್ತರ ಬರುವವರೆಗೆ ಅದರಲ್ಲಿ ಹಾಡು ಕೇಳಬೇಡಿ. ಒಂದು ಮಾತು ಪ್ರಾಮಾಣಿಕವಾಗಿ ಹೇಳುತ್ತೇನೆ: ಅವರು ಕೊಡಲೇಬೇಕು ಅಂತೇನಿಲ್ಲ. ನಿಯಮದ ಪ್ರಕಾರ ನವೀಕರಣ ಸರಿಯಾಗಿಯೇ ಆಗಿದೆ. ಒಂದೇ ತಿಂಗಳು, ಬೇಗ ಕೇಳಿದ್ದೀರಿ, ಬಳಸಿಲ್ಲ, ಹಾಗಾಗಿ ಕೊಡುವ ಸಾಧ್ಯತೆ ಚೆನ್ನಾಗಿದೆ. ಆರು ತಿಂಗಳು ಬಿಟ್ಟು ಕೇಳಿದರೆ ಕಷ್ಟ.

ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಲೆಕ್ಕ ನೋಡಿ. ತಿಂಗಳಿಗೆ ₹129 ಅಂದರೆ ವರ್ಷಕ್ಕೆ ₹1,548. ವರ್ಷದ ಪ್ಲಾನ್‌ನಿಂದ ನಿಮಗೆ ಉಳಿಯುವುದು ₹349. ಹಳೇ ಚಂದಾ ಮೂರು ಸಲ ಕಟ್ ಆದರೆ ₹387, ಉಳಿತಾಯ ಪೂರ್ತಿ ಹೋಯಿತು. ಮೊತ್ತ ಚಿಕ್ಕದು, ಸ್ಟೇಟ್‌ಮೆಂಟಿನಲ್ಲಿ ಆಟೋ, ತರಕಾರಿ, ಕಾಫಿಗಳ ನಡುವೆ ಕಣ್ಣಿಗೇ ಬೀಳುವುದಿಲ್ಲ. ನೀವು ಮೊದಲನೇ ಸಲವೇ ಗಮನಿಸಿದ್ದು ಒಳ್ಳೆಯದಾಯಿತು.

ಬ್ಯಾಂಕಿನಲ್ಲಿ ‘ಈ ಪೇಮೆಂಟ್ ನಾನು ಮಾಡಿಲ್ಲ’ ಅಂತ ದೂರು ಕೊಡುವ ದಾರಿಯನ್ನು ಕೆಲವರು ಹೇಳಿಕೊಡುತ್ತಾರೆ. ನನ್ನ ಸಲಹೆ, ಬೇಡ. ಮ್ಯಾಂಡೇಟ್‌ಗೆ ಪಿನ್ ಹಾಕಿದ್ದು ನೀವೇ ಅಂತ ಅವರ ಬಳಿ ದಾಖಲೆ ಇದೆ, ದೂರು ನಿಲ್ಲುವುದಿಲ್ಲ. ಅದರ ಮೇಲೆ ಮಾರಿದವರ ಕಡೆಯಿಂದ ನಿಮ್ಮ ಅಕೌಂಟ್ ತಡೆಹಿಡಿಯುವ ಅಪಾಯವೂ ಇದೆ. ಗೂಗಲ್ ಅಕೌಂಟಿನಲ್ಲಿ ಪೇಮೆಂಟ್ ತಡೆಯಾದರೆ ₹129ಕ್ಕಿಂತ ದೊಡ್ಡ ತಲೆನೋವು. ಬ್ಯಾಂಕಿನ ಮೇಲೆ ದೂರು ಕೊಡಬೇಕಾದ ಸಂದರ್ಭ ಬೇರೆ ಇದೆ. ಮ್ಯಾಂಡೇಟ್ ರದ್ದಾಗಿದೆ ಅಂತ ನಿಮಗೆ ಮೆಸೇಜ್ ಬಂದ ಮೇಲೂ ಅದರಿಂದಲೇ ದುಡ್ಡು ಹೋದರೆ, ಆಗ ಬ್ಯಾಂಕಿಗೆ ಬರೆದು ಕೊಡಿ. 30 ದಿನದಲ್ಲಿ ಸರಿಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಹಾಕಬಹುದು.

ಕಸ್ಟಮರ್ ಕೇರ್ ನಂಬರನ್ನು ಇಂಟರ್‌ನೆಟ್‌ನಲ್ಲಿ ಹುಡುಕಿ ಫೋನ್ ಮಾಡಬೇಡಿ. ರೀಫಂಡ್ ಬೇಕಾದವರನ್ನೇ ಹಿಡಿಯಲು ಸುಳ್ಳು ನಂಬರ್ ಹಾಕಿಟ್ಟು ಕಾಯುವವರಿದ್ದಾರೆ. ನಿಮ್ಮಿಂದ ಸ್ಕ್ರೀನ್ ತೋರಿಸುವ ಆ್ಯಪ್ ಹಾಕಿಸುತ್ತಾರೆ, ರೀಫಂಡ್ ಬರಲು ಯುಪಿಐ ಪಿನ್ ಒತ್ತಿ ಅನ್ನುತ್ತಾರೆ. ದುಡ್ಡು ಬರಲು ಪಿನ್ ಬೇಡವೇ ಬೇಡ. ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ. ಆ್ಯಪ್ ಒಳಗಿನ ಸಹಾಯ ವಿಭಾಗದಿಂದಲೇ ಬರೆಯಿರಿ. ಉತ್ತರ ಬರದಿದ್ದರೆ ಅವರ ವೆಬ್‌ಸೈಟಿನಲ್ಲಿ ದೂರು ಅಧಿಕಾರಿಯ ಹೆಸರು, ಇಮೇಲ್ ಇರುತ್ತದೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ತಲುಪಿದೆ ಅಂತ 48 ಗಂಟೆಯಲ್ಲಿ ಹೇಳಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಪ್ಲೇಲಿಸ್ಟ್ ಮರಳಿ ಪಡೆಯುವುದು ಸುಲಭ. ಈಗಿನ ಅಕೌಂಟಿನಿಂದ ಹೊರಬಂದು ಮೊಬೈಲ್ ನಂಬರಿನಿಂದ ಲಾಗಿನ್ ಆಗಿ, ಎಲ್ಲ ಅಲ್ಲೇ ಇರುತ್ತವೆ. ಪ್ರತಿ ಪ್ಲೇಲಿಸ್ಟ್‌ನ ಲಿಂಕ್ ಅನ್ನು ನಿಮಗೇ ವಾಟ್ಸಾಪ್‌ನಲ್ಲಿ ಕಳಿಸಿಕೊಳ್ಳಿ. ಮತ್ತೆ ಜಿಮೇಲ್ ಅಕೌಂಟಿಗೆ ಬಂದು ಆ ಲಿಂಕ್ ತೆರೆದು, ಹಾಡುಗಳನ್ನು ಹೊಸ ಪ್ಲೇಲಿಸ್ಟ್‌ಗೆ ಸೇರಿಸಿಕೊಳ್ಳಿ. ಲಿಂಕನ್ನು ಬರೀ ಸೇವ್ ಮಾಡಿದರೆ ಅದು ಹಳೇ ಅಕೌಂಟಿಗೇ ಅಂಟಿಕೊಂಡಿರುತ್ತದೆ, ಮುಂದೆ ಅದನ್ನು ಅಳಿಸಿದರೆ ಪ್ಲೇಲಿಸ್ಟೂ ಹೋಗುತ್ತದೆ. ಹೃದಯದ ಗುರುತು ಒತ್ತಿಟ್ಟ ಹಾಡುಗಳಿಗೆ ಸಾಮಾನ್ಯವಾಗಿ ಲಿಂಕ್ ಇರುವುದಿಲ್ಲ. ಅವನ್ನು ಮೊದಲು ಒಂದು ಪ್ಲೇಲಿಸ್ಟ್‌ಗೆ ಹಾಕಿ, ಆಮೇಲೆ ಕಳಿಸಿ. ಮೆಟ್ರೋದಲ್ಲಿ ಕೇಳಲು ಡೌನ್‌ಲೋಡ್ ಮಾಡಿಟ್ಟದ್ದನ್ನು ಮಾತ್ರ ಹೊಸದಾಗಿ ಮಾಡಬೇಕು.

ಓದುತ್ತಿರುವ ಬೇರೆಯವರಿಗೂ ಸ್ವಲ್ಪ ಹೇಳಬೇಕು. ಎಲ್ಲಿ ತಿಂಗಳ ಚಂದಾ ಶುರು ಮಾಡಿದ್ದೀರೋ ಅಲ್ಲೇ, ಅದೇ ಲಾಗಿನ್‌ನಲ್ಲಿ ಪ್ಲಾನ್ ಬದಲಾಯಿಸಿದರೆ ಸಾಮಾನ್ಯವಾಗಿ ಎರಡು ಸಲ ಕಟ್ ಆಗುವುದಿಲ್ಲ. ಗೂಗಲ್ ಪ್ಲೇನಲ್ಲಿ ಇದಕ್ಕೆ ಹಲವು ರೀತಿ ಇದೆ, ಯಾವುದು ಅಂತ ಆ್ಯಪ್ ಕಂಪನಿ ಆರಿಸುತ್ತದೆ. ಕೆಲವು ಕಡೆ ವರ್ಷದ ದುಡ್ಡು ಆಗಲೇ ತೆಗೆದು, ಉಳಿದ ದಿನಗಳ ಬೆಲೆಯನ್ನು ಹೊಸ ಪ್ಲಾನ್‌ಗೆ ದಿನಗಳಾಗಿ ಸೇರಿಸುತ್ತಾರೆ. ಕೆಲವು ಕಡೆ ಈ ತಿಂಗಳು ಮುಗಿದ ಮೇಲೆ ವರ್ಷದ್ದು ಶುರುವಾಗುತ್ತದೆ. ಐಫೋನಿನಲ್ಲೂ ಒಂದೇ ಮಟ್ಟದ ಪ್ಲಾನನ್ನು ತಿಂಗಳಿಂದ ವರ್ಷಕ್ಕೆ ಬದಲಾಯಿಸಿದರೆ ಮುಂದಿನ ನವೀಕರಣದ ದಿನ ಅದು ಜಾರಿಗೆ ಬರುತ್ತದೆ. ಕೊನೇ ದಿನ ಮಾತ್ರ ಕೈ ಹಾಕಬೇಡಿ. ನವೀಕರಣದ ದುಡ್ಡನ್ನು ಆ್ಯಪಲ್ ಅವಧಿ ಮುಗಿಯುವ ಮೊದಲಿನ 24 ಗಂಟೆಯಲ್ಲೇ ತೆಗೆಯಬಹುದು.

ವೆಬ್‌ಸೈಟಿನಲ್ಲೇ ಬೆಲೆ ಕಡಿಮೆ ಇದೆ, ಅಲ್ಲೇ ಕೊಳ್ಳಬೇಕು ಅನ್ನುವವರು ಮೊದಲು ಫೋನಿನ ತಿಂಗಳ ಚಂದಾವನ್ನು ರದ್ದು ಮಾಡಿ. ರದ್ದು ಮಾಡಿದರೂ ದುಡ್ಡು ಕಟ್ಟಿದ ದಿನಗಳವರೆಗೆ ಹಾಡು ಕೇಳಬಹುದು. ಅದು ಪೂರ್ತಿ ಮುಗಿದ ಮೇಲೆ, ಫೋನಿನಲ್ಲಿ ಬಳಸುವ ಅದೇ ನಂಬರ್ ಅಥವಾ ಅದೇ ಇಮೇಲ್‌ನಿಂದ ವೆಬ್‌ಸೈಟಿಗೆ ಹೋಗಿ. ದುಡ್ಡು ಕಟ್ಟುವ ಮೊದಲು ನಿಮ್ಮ ಪ್ಲೇಲಿಸ್ಟ್ ಅಲ್ಲಿ ಕಾಣುತ್ತಿದೆಯಾ ನೋಡಿ. ಕಾಣುತ್ತಿಲ್ಲ ಅಂದರೆ ಅದು ನಿಮ್ಮ ಹಳೇ ಅಕೌಂಟ್ ಅಲ್ಲ, ಅಲ್ಲಿ ಪಿನ್ ಹಾಕಬೇಡಿ.

ಮೇಡಂ, ನೀವು ಚಂದಾ ರದ್ದು ಮಾಡಿದ ಮೇಲೆ ಪ್ಲೇ ಸ್ಟೋರ್‌ನಲ್ಲಿ ಆ ತಾರೀಖು ನವೀಕರಣದ ದಿನದ ಬದಲು ಮುಗಿಯುವ ದಿನ ಅಂತ ಬದಲಾಗಿರುತ್ತದೆ. ಅದರ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ. ಮುಂದಿನ ತಿಂಗಳು 7ನೇ ತಾರೀಖು ದುಡ್ಡು ಕಟ್ ಆಗುವ ಮೆಸೇಜ್ ಬಂದರೆ, ಅವತ್ತೇ ಯುಪಿಐ ಆ್ಯಪ್‌ನಲ್ಲಿ ಆ ಮ್ಯಾಂಡೇಟ್ ತೆಗೆದುಹಾಕಿ. ಆಗ ಕಂಪನಿಗೂ ಗೂಗಲ್‌ಗೂ ತೋರಿಸಲು ನಿಮ್ಮ ಕೈಯಲ್ಲಿ ಸ್ಕ್ರೀನ್‌ಶಾಟ್ ಇರುತ್ತದೆ.